ಹತ್ತೊಂಬತ್ತನೇ ದಿನದ ಪುಟ

‘ಮೇಷ್ಟ್ರೇ, ನಮ್ಮಕ್ಕ ಎಲ್ಲಿ?’

ಬೆಳಿಗ್ಗೆ ಆರೂವರೆಗೆ ಫೋನಿನಲ್ಲಿ ಹೀಗೊಂದು ಪ್ರಶ್ನೆ ಬಂದರೆ ನೀವೇನು ಉತ್ತರ ಕೊಡುತ್ತೀರಿ? ನಾನು ಕೊಟ್ಟ ಉತ್ತರ: ‘ಯಾವ ಅಕ್ಕ ತಾಯಿ? ರಾಂಗ್ ನಂಬರ್ ಇರಬೇಕು.’

‘ರಾಂಗ್ ನಂಬರ್ ಅಲ್ಲ. ನಾನು ಹಳೇಬೀಡಿನ ಪಾರ್ವತಮ್ಮ. ಬಳೆ ಅಂಗಡಿ. ಪುಸ್ತಕದಾಗೆ ನಾನು ನಮ್ಮಕ್ಕನ್ನ ಬರ್ದಿದ್ನಲ್ಲ, ಅವಳೆಲ್ಲಿ ಹೋದ್ಲು?’

ನಾನು ಅಡುಗೆಮನೆಯ ಕಡೆ ನೋಡಿದೆ. ಹತ್ತು ನಿಮಿಷದ ಹಿಂದಷ್ಟೇ ನನ್ನ ಹೆಂಡತಿ ಅದೇ ಪುಸ್ತಕದ ಅದೇ ಪುಟವನ್ನು ಗಟ್ಟಿಯಾಗಿ ಓದಿ ಮುಗಿಸಿ, ‘ಇದು ಪಾರ್ವತಮ್ಮ ಬರೆದಿದ್ದಾ, ನೀವು ಬರೆದಿದ್ದಾ?’ ಎಂದು ಕೇಳಿದ್ದಳು. ಕೆಳಗೆ ಹೆಸರು ಹಾಕಿದೆಯಲ್ಲ ಎಂದೆ. ‘ಹೆಸರು ಅವರದ್ದೇ, ಪಾಠಕ್ಕೆ ಮುಂಚಿನ ಕೆಮ್ಮು ನಿಮ್ಮದು’ ಎಂದಳು. (ನಲವತ್ತು ವರ್ಷದ ದಾಂಪತ್ಯದಲ್ಲಿ ನನಗೆ ಸಿಕ್ಕ ಏಕೈಕ ಸಾಹಿತ್ಯ ವಿಮರ್ಶೆ ಇದು.)

ಪುಸ್ತಕದ ವಿಷಯ ಹೇಳಬೇಕು. ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ನಮ್ಮ ಮಠದ ಭಕ್ತರ ಬಳಗವೊಂದಿದೆ. ಶ್ರಾವಣಕ್ಕೆ ಮುಂಚೆ ಸದಸ್ಯರ ಮನೆಮನೆಗೆ ಮೂವತ್ತು ದಿನದ ಒಂದು ಕಿರುಹೊತ್ತಿಗೆ ಹಂಚುತ್ತೇವೆ. ದಿನಕ್ಕೊಂದು ಪುಟ. ಮೇಲೆ ಓದಿಗೆ ಎಂಟು ಸಾಲು, ಶರಣರ ಮಾತೋ ಹಿರಿಯರ ಪ್ರವಚನದ ತುಣುಕೋ. ನಡುವೆ ‘ಚಿಂತನೆ’, ಹದಿನೈದು ಸಾಲು ಮೀರಬಾರದು. ಕೆಳಗೆ ನಾಲ್ಕು ಸಾಲಿನ ಪ್ರಾರ್ಥನೆ. ಕೊನೆಗೆ ‘ಇಂದಿನ ಸಂಕಲ್ಪ’ ಎಂದು ಒಂದು ಚುಕ್ಕಿಗೆರೆ. ಅದನ್ನು ಓದಿದವರೇ ಪೆನ್ನಿನಲ್ಲಿ ತುಂಬಬೇಕು. (ನಮ್ಮ ಮನೆಯ ಪ್ರತಿಯಲ್ಲಿ ಮೊದಲ ದಿನ ‘ಸಿಟ್ಟು ಬಿಡುವುದು’ ಎಂದಿದೆ. ಎರಡನೇ ದಿನದಿಂದ ಗೆರೆ ಖಾಲಿ.)

ಪುಟಗಳಿಗೆ ತಾರೀಖು ಹಾಕುವುದಿಲ್ಲ, ದಿನದ ಸಂಖ್ಯೆ ಮಾತ್ರ. ಪಂಚಾಂಗದವರು ಕೆಲವು ವರ್ಷ ಶ್ರಾವಣಕ್ಕೆ ಇಪ್ಪತ್ತೊಂಬತ್ತೇ ದಿನ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ನಮ್ಮ ಬಳಗ ಮೂವತ್ತಕ್ಕೆ ಕಡಿಮೆ ಒಪ್ಪುವುದಿಲ್ಲ. ಪಾಡ್ಯದ ಬೆಳಿಗ್ಗೆ ಎಲ್ಲರೂ ಒಂದನೇ ಪುಟ ತೆರೆಯಬೇಕು. ಪೂಜೆ ಮುಗಿಸಿ ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಮುಂದಕ್ಕೆ ಹಾರಿ ಓದುವಂತಿಲ್ಲ. ಅರಸೀಕೆರೆಯ ಕೊಬ್ಬರಿ ಮಂಡಿಯವರ ಮನೆಯಲ್ಲೂ ಬಿಕ್ಕೋಡಿನ ತೋಟದ ಮನೆಯಲ್ಲೂ ಒಂದು ಬೆಳಿಗ್ಗೆ ಒಂದೇ ಪುಟ. ಅದೇ ಅದರ ಸೊಗಸು. ಮೂವತ್ತು ಚಿಂತನೆಗಳನ್ನು ಬರೆಯುವವರೂ ಮೂವತ್ತು ಜನ ಸದಸ್ಯರೇ, ಕೆಳಗೆ ಅವರವರ ಹೆಸರು, ಊರು.

ಇದಕ್ಕೆಲ್ಲ ಸಂಪಾದಕರು ಯಾರು? ನಾನು! ನಿವೃತ್ತ ಕನ್ನಡ ಮೇಷ್ಟ್ರಿಗೆ ಕೆಂಪು ಪೆನ್ನು ಕೊಟ್ಟು ಸುಮ್ಮನಿರಿ ಎಂದರೆ ಇರಲಾದೀತೇ?

ಪೆನ್ನಿಗೆ ಒಂದು ಶಾಸ್ತ್ರೋಕ್ತ ಕಾರಣವೂ ಇತ್ತು. ಪಿನ್ನು ಹೊಡೆಯುವ ಪುಸ್ತಕದಲ್ಲಿ ಪುಟಗಳು ನಾಲ್ಕುನಾಲ್ಕಾಗಿಯೇ ಹೆಚ್ಚಬೇಕು. ಮೂವತ್ತು ದಿನಕ್ಕೆ ಮೂವತ್ತು, ಸ್ವಾಮೀಜಿಯವರ ಆಶೀರ್ವಚನಕ್ಕೆ ಒಂದು, ಸಂಪಾದಕರ ಮಾತಿಗೆ ಒಂದು. ಒಟ್ಟು ಮೂವತ್ತೆರಡು, ಸರಿಯಾಗಿ ಕೂರುತ್ತದೆ. ಯಾರದಾದರೂ ಭಕ್ತಿ ಪಕ್ಕದ ಪುಟಕ್ಕೆ ಹರಿದರೆ ಪ್ರೆಸ್ಸಿನವನು ಇನ್ನೂ ನಾಲ್ಕು ಪುಟ ಕೇಳುತ್ತಾನೆ. ಆದ್ದರಿಂದ ಬರೆಯುವವರಿಗೆಲ್ಲ ಒಂದು ಸುತ್ತೋಲೆ ಹೊರಡಿಸಿದ್ದೆ: ‘ಹದಿನೈದು ಸಾಲು. ಸ್ವಂತ ಕಥೆ ಬೇಡ. ಎಲ್ಲರಿಗೂ ಅನ್ವಯವಾಗುವಂತಿರಲಿ.’

ಹತ್ತೊಂಬತ್ತನೇ ದಿನದ ವಿಷಯ ‘ಮಾತು’. ಅದನ್ನು ಪಾರ್ವತಮ್ಮನವರೇ ಕೇಳಿ ಪಡೆದಿದ್ದರು. ಕಳಿಸಿದ್ದು ಗೆರೆ ಹಾಳೆಯ ಎರಡೂ ಬದಿ, ಇಪ್ಪತ್ತೆಂಟು ಸಾಲು. ಹಾಳೆ ಈಗಲೂ ನನ್ನ ಮುಂದಿದೆ. ಅದರಲ್ಲಿ ಹೀಗಿದೆ:

‘ನಮ್ಮವ್ವ ಒಂಬತ್ತು ತಿಂಗಳು ಹಾಸಿಗೆ ಹಿಡಿದಿದ್ದಳು. ಎತ್ತಿ ಕೂರಿಸಿದವಳು, ಗಂಜಿ ಕುಡಿಸಿದವಳು, ಬಟ್ಟೆ ಒಗೆದವಳು ನನ್ನ ಅಕ್ಕ ಗೌರಮ್ಮ. ಅವ್ವನ ಮಣ್ಣಿನ ದಿನ ನಾನು ನೆಂಟರೆಲ್ಲರ ಮುಂದೆ, ಅವ್ವನನ್ನು ನೀನು ಹಸಿವಿನಲ್ಲಿಟ್ಟು ಸಾಯಿಸಿದೆ ಎಂದು ಅಕ್ಕನಿಗೆ ಅಂದೆ. ಅದು ಸುಳ್ಳು. ಆ ಒಂಬತ್ತು ತಿಂಗಳಲ್ಲಿ ನಾನು ಹೋಗಿದ್ದು ಎರಡು ಸಲ. ನನ್ನ ತಪ್ಪನ್ನು ಅವಳ ತಲೆಗೆ ಕಟ್ಟಿದೆ. ಹನ್ನೊಂದು ವರ್ಷದಿಂದ ಮಾತಿಲ್ಲ. ಅಕ್ಕ, ಎಲ್ಲರೂ ಕೇಳುವಂತೆ ಅಂದಿದ್ದೆ. ಎಲ್ಲರೂ ಓದುವಂತೆ ಬರೆದಿದ್ದೇನೆ.’

ಓದಿ ನನಗೆ ಏನನ್ನಿಸಿತು? ಪಾಪ, ಮನೆಯ ಜಗಳವನ್ನು ಅಚ್ಚಿಗೆ ತರುತ್ತಿದ್ದಾರಲ್ಲ, ಇದರಿಂದ ಇವರನ್ನು ಕಾಪಾಡಬೇಕು ಎನ್ನಿಸಿತು. ಕಾಪಾಡಿದೆ. ಅಕ್ಕನನ್ನು ತೆಗೆದೆ, ಮಣ್ಣಿನ ದಿನವನ್ನು ತೆಗೆದೆ, ಸುಳ್ಳನ್ನೂ ತೆಗೆದೆ. ಉಳಿದ ಬುದ್ಧಿಮಾತನ್ನು ಎಲ್ಲರಿಗೂ ಅನ್ವಯವಾಗುವಂತೆ ಇಸ್ತ್ರಿ ಮಾಡಿದೆ. ‘ಮಾತನಾಡುವ ಮುನ್ನ ನಾವು ಯೋಚಿಸಬೇಕು. ಹಿರಿಯರ ಸೇವೆ ಮನಃಪೂರ್ವಕವಾಗಿರಬೇಕು. ಹೆತ್ತವರನ್ನು ಹಸಿವಿನಲ್ಲಿಟ್ಟು ಮಾಡುವ ಪೂಜೆಗೆ ಫಲವೆಲ್ಲಿಯದು?’ ಎಂದು ಮುಗಿಸಿದೆ. ಎಂಥ ಗಂಭೀರ ವಾಕ್ಯ! ಬರೆದ ದಿನ ಎರಡು ಸಲ ಗಟ್ಟಿಯಾಗಿ ಓದಿಕೊಂಡಿದ್ದೆ.

ಅಚ್ಚಿಗೆ ಹೋಗುವ ಮುಂಚೆ ಎಲ್ಲರಿಗೂ ಅವರವರ ಪುಟವನ್ನು ವಾಟ್ಸಾಪ್‌ನಲ್ಲಿ ಕಳಿಸಿ ಒಪ್ಪಿಗೆ ಪಡೆಯುವುದು ಪದ್ಧತಿ. ಪಾರ್ವತಮ್ಮನವರದು ಬಟನ್ ಫೋನು. ಹಳೇಬೀಡಿಗೆ ಬಸ್ಸು ಹತ್ತಿ ಹೋಗಿ ತೋರಿಸಬಹುದಿತ್ತು. ಹೋಗಲಿಲ್ಲ. ಭಾಷೆ ತಿದ್ದಿದ್ದಷ್ಟೇ ತಾನೇ ಎಂದುಕೊಂಡೆ.

ಆ ಹತ್ತೊಂಬತ್ತನೇ ದಿನದ ಬೆಳಿಗ್ಗೆ ಫೋನಿನಲ್ಲಿ ಪಾರ್ವತಮ್ಮನವರಿಗೆ ಸುತ್ತೋಲೆಯ ಮೂರು ನಿಯಮಗಳನ್ನೂ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿದರು.

‘ಉದ್ದ ಆಗಿದ್ರೆ ನನ್ನ ಬುದ್ಧಿಮಾತು ಕಿತ್ತಾಕಬೇಕಿತ್ತು ಮೇಷ್ಟ್ರೇ. ಅಕ್ಕನ್ನ ಯಾಕೆ ಕಿತ್ರಿ? ಅವಳೂ ಬಳಗದೋಳೇ, ಇವತ್ತು ಓದಿರ್ತಾಳೆ. ಫೋನ್ ಮಾಡ್ತಾಳೆ ಅಂತ ನಾಲ್ಕು ಗಂಟೆಗೇ ಎದ್ದು ಕೂತಿದ್ದೆ ಕಣ್ರೀ.’

ಅವರ ಗೆರೆ ಹಾಳೆಯನ್ನು ಮೇಜಿನ ಖಾನೆಯಿಂದ ಹೊರತೆಗೆದೆ.

‘ನಾನೇ ನಿಮ್ಮಕ್ಕನ ಮನೆಗೆ ಹೋಗಿ ನಿಮ್ಮ ಹಾಳೆ ತೋರಿಸಿ ಬರುತ್ತೇನೆ’ ಎಂದೆ. ‘ಹೋಗಿ. ಆದ್ರೆ ನಂಗೇನೋ ಸರಿ ಕಾಣ್ತಿಲ್ಲ’ ಎಂದು ಫೋನಿಟ್ಟರು.

ಗೌರಮ್ಮನವರ ಊರು ಹಗರೆ. ಅದೇ ಮಧ್ಯಾಹ್ನ ಹಳೇಬೀಡಿನಲ್ಲಿ ಬಸ್ಸು ಬದಲಿಸಿ ಹೋದೆ. ಎಪ್ಪತ್ತು ದಾಟಿದ ಹೆಂಗಸು, ಹಸುವಿಗೆ ಹುಲ್ಲು ಹಾಕುತ್ತಿದ್ದರು. ಬಳಗದ ಮೇಷ್ಟ್ರು ಎಂದು ಗುರುತು ಹಿಡಿದು ಕುರ್ಚಿ ಹಾಕಿಸಿದರು, ಮಜ್ಜಿಗೆ ಕೊಟ್ಟರು. ನಾನು ಬಾಯಿ ತೆರೆಯುವ ಮುಂಚೆ ಅವರೇ ಪುಸ್ತಕ ತಂದು ಆ ಪುಟ ತೆರೆದರು.

‘ಕೆಳಗೆ ತಂಗಿ ಹೆಸರು ನೋಡ್ದೆ. ಎದೆ ಢವ ಅಂತು. ಏನೋ ಐತೆ ಇದ್ರಾಗೆ ಅಂತ ಪಕ್ಕದ ಮನೆಯವ್ರನ್ನೂ ಕರ್ದು ಕೂರ್ಸಿ ಸೊಸೆ ಕೈಲಿ ಓದಿಸ್ದೆ. ನೋಡಿ, ಏನ್ ಬರ್ದವ್ಳೆ. ಹೆತ್ತವರನ್ನ ಹಸಿವಿನಲ್ಲಿಟ್ಟು ಮಾಡೋ ಪೂಜೆಗೆ ಫಲ ಇಲ್ವಂತೆ. ಹನ್ನೊಂದು ವರ್ಷದ ಹಿಂದೆ ಬಾಯಲ್ಲಿ ಅಂದಿದ್ಲು. ಈಗ ಪ್ರಿಂಟ್ ಹಾಕ್ಸವ್ಳೆ.’

ಮಜ್ಜಿಗೆಯ ಲೋಟ ಕೆಳಗಿಟ್ಟೆ. ಆ ವಾಕ್ಯ ನನ್ನದು ಎಂದೆ. ಅವರಿಗೆ ಅರ್ಥವಾಗಲಿಲ್ಲ. ಎರಡನೇ ಸಲ ಹೇಳಿದೆ. ಕನ್ನಡಕವನ್ನು ಸೆರಗಿನಲ್ಲಿ ಒರೆಸಿಕೊಂಡು ನನ್ನನ್ನೇ ನೋಡಿದರು.

‘ನೀವ್ಯಾಕೆ ಬರೀತೀರಿ? ನಿಮಗೂ ನಮ್ಮವ್ವಂಗೂ ಏನು?’



ಗೆರೆ ಹಾಳೆ ಕೊಟ್ಟೆ. ನಿಧಾನವಾಗಿ ಓದಿದರು, ತುಟಿ ಆಡಿಸುತ್ತ. ಹಿಂಬದಿ ತಿರುಗಿಸಿದರು. ಮತ್ತೆ ಮುಂಬದಿಗೆ ಬಂದರು. ‘ಅವಳ ಅಕ್ಷರಾನೇ’ ಎಂದರು. ಆಮೇಲೆ ಕೇಳಿದರು:

‘ಆ ಪುಸ್ತಕ ಎಷ್ಟು ಮನೆಗೆ ಹೋಗೈತೆ?’

‘ನಾನೂರು.’

‘ಈ ಹಾಳೆ?’

‘ಒಂದು.’

ತಿದ್ದುಪಡಿ ಚೀಟಿ ಅಚ್ಚು ಹಾಕಿಸಿ ಎಲ್ಲ ಮನೆಗೂ ಕಳಿಸುತ್ತೇನೆ ಎಂದೆ. ‘ಮುಗಿದ ದಿನದ ಪುಟ ಯಾರು ತಿರುಗ್ಸಿ ನೋಡ್ತಾರೆ?’ ಎಂದರು. ಸರಿ, ಮೂವತ್ತನೇ ದಿನ ಬೇಲೂರಿನಲ್ಲಿ ಮುಕ್ತಾಯದ ಸಭೆ ಇದೆ, ಎಲ್ಲರೂ ಬರುತ್ತಾರೆ, ಅಲ್ಲಿ ಓದಿಸುತ್ತೇನೆ ಎಂದೆ.

‘ಅವಳೇ ಓದ್ತಾಳಾ?’

‘ಕೇಳುತ್ತೇನೆ.’

‘ಅವಳು ಓದೋದಾದ್ರೆ ಬತ್ತೀನಿ. ಮುಂದೇನೇ ಕೂತ್ಕತೀನಿ’ ಎಂದು ಹಾಳೆಯನ್ನು ನನ್ನ ಕೈಗಿತ್ತರು.

ಹಿಂದಿರುಗುವಾಗ ಹಳೇಬೀಡಿನಲ್ಲಿ ಇಳಿದು ಬಳೆ ಅಂಗಡಿಗೆ ಹೋದೆ. ಪಾರ್ವತಮ್ಮ ಒಬ್ಬ ಹುಡುಗಿಯ ಕೈಗೆ ಬಳೆ ತೊಡಿಸುತ್ತಿದ್ದರು. ಅವಳು ಹೋಗುವವರೆಗೆ ಕಾದೆ. ಅಕ್ಕ ಪುಟವನ್ನು ಹೇಗೆ ಓದಿಸಿಕೊಂಡರು, ಏನೆಂದುಕೊಂಡರು, ಎಲ್ಲ ಹೇಳಿದೆ. ಪಕ್ಕದ ಮನೆಯವರನ್ನು ಕರೆದು ಕೂರಿಸಿದ್ದನ್ನು ಕೇಳಿ ಅವರು ಸ್ಟೂಲಿನ ಮೇಲೆ ಕುಳಿತುಬಿಟ್ಟರು.

‘ಅಯ್ಯೋ, ಎಲ್ಲರ ಮುಂದೆ ಇನ್ನೊಂದ್ಸಲ ಹೊಡೆದಂಗಾಯ್ತಲ್ಲ ಮೇಷ್ಟ್ರೇ.’

ಹಾಳೆಯನ್ನು ಅವರ ಕೈಗೆ ಕೊಟ್ಟು, ಸಭೆಯಲ್ಲಿ ಓದುತ್ತೀರಾ ಎಂದೆ. ಆಗುವುದಿಲ್ಲ ಎಂದು ತಲೆಯಾಡಿಸಿದರು. ‘ಬರೆಯೋಕೇ ಹನ್ನೊಂದು ವರ್ಷ ಹಿಡೀತು. ಬಾಯಲ್ಲಿ ಹೇಳೋ ತಾಕತ್ತು ಇದ್ದಿದ್ರೆ ನಿಮ್ಮ ಪುಸ್ತಕ ಯಾಕೆ ಬೇಕಿತ್ತು ನಂಗೆ? ಅವಳ ಮುಖ ನೋಡ್ಕಂಡು ನನ್ನ ಕೈಲಿ ಆಗಾಕಿಲ್ಲ.’

‘ಅಕ್ಕ ಬರುತ್ತಾರಂತೆ, ನೀವು ಓದುವುದಾದರೆ.’

‘ನೀವೇ ಓದಿ’ ಎಂದು ಹಾಳೆಯನ್ನು ನನ್ನ ಕೈಗೇ ವಾಪಸು ಕೊಟ್ಟರು.

ಮೂವತ್ತನೇ ದಿನ ಓದಿದೆ. ಒಂದಕ್ಷರ ಬಿಡಲಿಲ್ಲ, ಒಂದಕ್ಷರ ಸೇರಿಸಲಿಲ್ಲ. ಹೆತ್ತವರ ಹಸಿವಿನ ವಾಕ್ಯ ನನ್ನದು, ಪಾರ್ವತಮ್ಮನವರದಲ್ಲ ಎಂದೂ ಹೇಳಿದೆ. ಇಪ್ಪತ್ತೆಂಟು ಸಾಲಿಗೆ ಮೂರು ನಿಮಿಷ ಹಿಡಿಯಿತು. ಕೆಲವರು ಕಣ್ಣೊರೆಸಿಕೊಂಡರು. ಊಟಕ್ಕೆ ಏಳುವಾಗ ಒಬ್ಬರು ಬಂದು, ‘ತುಂಬಾ ಭಾವಪೂರ್ಣವಾಗಿ ಓದಿದಿರಿ ಸಾರ್’ ಎಂದು ಕೈಕುಲುಕಿದರು. ಅಭಿನಂದನೆ ಇಷ್ಟು ಚುಚ್ಚುತ್ತದೆಂದು ನನಗೆ ತಿಳಿದಿರಲಿಲ್ಲ. ಯಾಕೆಂದರೆ ಪಾರ್ವತಮ್ಮ ಬಂದಿರಲಿಲ್ಲ. ತಂಗಿ ಓದುವುದಿಲ್ಲ ಎಂದು ನಾನೇ ಫೋನು ಮಾಡಿ ತಿಳಿಸಿದ್ದರಿಂದ ಗೌರಮ್ಮನವರೂ ಬಂದಿರಲಿಲ್ಲ. ಕ್ಷಮೆ ಕೇಳಬೇಕಾದವರೂ ಇಲ್ಲ, ಕೇಳಿಸಿಕೊಳ್ಳಬೇಕಾದವರೂ ಇಲ್ಲ. ಮೈಕು ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಮುಂದಿನ ಶ್ರಾವಣದ ಹೊತ್ತಿಗೆಗೆ ಬೇರೆ ಸಂಪಾದಕರನ್ನು ನೋಡಿಕೊಳ್ಳಿ ಎಂದು ಬಳಗಕ್ಕೆ ಬರೆದುಕೊಟ್ಟಿದ್ದೇನೆ. ಅವರು ಒಪ್ಪಿಲ್ಲ. ನಿಮ್ಮಂಥ ಭಾಷೆ ಯಾರಿಗೆ ಬರುತ್ತದೆ ಎನ್ನುತ್ತಾರೆ.

ನಿನ್ನೆ ಆ ಪುಟವನ್ನು ಮತ್ತೊಮ್ಮೆ ತೆರೆದೆ. ಗೌರಮ್ಮನವರನ್ನು ತೆಗೆದ ಮೇಲೆ ಚಿಂತನೆ ಹದಿನೈದು ಸಾಲನ್ನೂ ತುಂಬಿರಲಿಲ್ಲ. ಖಾಲಿ ಕಾಣಬಾರದೆಂದು ಪ್ರೆಸ್ಸಿನವನಿಗೆ ಹೇಳಿ ಆ ಜಾಗಕ್ಕೆ ನಾನೇ ಒಂದು ದೀಪದ ಚಿತ್ರ ಹಾಕಿಸಿದ್ದೆ.