ಕೊಳ್ಳುವ ದರ, ಕೊಡುವ ದರ

ಇದನ್ನು ಬರೆಯದೆ ತಳ್ಳಿಕೊಂಡು ಬಂದು ಬಹಳ ಕಾಲವಾಯಿತು. ಕಣ್ಣು ನೋಯುತ್ತದೆ, ಮಳೆಗಾಲ ಮುಗಿಯಲಿ, ಮೊಮ್ಮಗಳ ಪರೀಕ್ಷೆ ಆಗಲಿ ಎಂದು ಒಂದೊಂದು ಸಲ ಒಂದೊಂದು ನೆವ ಹೇಳಿಕೊಂಡೆ. ನನ್ನ ಬದುಕು ಒಟ್ಟಿನಲ್ಲಿ ಸುಖವಾಗಿಯೇ ಸಾಗಿದೆ. ಹೊಟ್ಟೆಗೆ ಬಟ್ಟೆಗೆ ಕೊರತೆಯಾಗಲಿಲ್ಲ, ಹೆಂಡತಿಯೊಡನೆ ಜಗಳಕ್ಕಿಂತ ನಗೆಯೇ ಹೆಚ್ಚಿತ್ತು. ಹಾಗಿರುವವನಿಗೆ ಹಳೆಯ ತಪ್ಪನ್ನು ಎತ್ತಿ ನೋಡುವ ಅವಸರ ಬರುವುದಿಲ್ಲ. ಈಗ ಬಂದಿದೆ.

ಅರವತ್ತರ ದಶಕದ ಮೊದಲ ವರ್ಷಗಳು. ಹೊಸ ಪೈಸೆ ಚಲಾವಣೆಗೆ ಬಂದು ಕೆಲವು ವರ್ಷ ಕಳೆದಿದ್ದರೂ ಜನರ ಬಾಯಲ್ಲಿ ಆಣೆಯೇ ಇತ್ತು. ನಾನು ಮೆಟ್ರಿಕ್ ಮುಗಿಸಿ, ಟೈಪಿಂಗ್ ಕಲಿತು, ಹೊನ್ನಾವರದ ಹತ್ತಿರದ ಒಂದು ಹೆಂಚಿನ ಕಾರ್ಖಾನೆಯ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಕಾರ್ಖಾನೆ ಕಟ್ಟುವಾಗ ಊರೂರು ತಿರುಗಿ ಹತ್ತು ರೂಪಾಯಿಯ ಷೇರು ಮಾರಿದ್ದರು. ಮಾಸ್ತರರು, ತೆಂಗಿನಕಾಯಿ ವ್ಯಾಪಾರಿಗಳು, ಒಬ್ಬಿಬ್ಬರು ದೋಣಿಯವರು ಕೂಡ ಕೊಂಡಿದ್ದರು. ನನ್ನ ತಂದೆಯವರು ಐವತ್ತು ಷೇರು ತೆಗೆದುಕೊಂಡು, ಸಾಯುವ ಮೊದಲು ನನ್ನ ಹೆಸರಿಗೆ ಮಾಡಿಸಿದ್ದರು.

ಈ ಷೇರನ್ನು ಮಾರಬೇಕೆಂದರೆ ಮುಂಬೈಯ ಪೇಟೆಯಲ್ಲಿ ಅದರ ಹೆಸರು ಕೇಳಿದವರಿಲ್ಲ. ಇದ್ದದ್ದು ಕುಮಟೆಯ ಬೆಳ್ಳಿ ಅಂಗಡಿಯ ಮಾಮ ಒಬ್ಬರೇ. ಕೊಂಕಣಿಯವರು, ಎಲ್ಲರೂ ಅವರನ್ನು ಮಾಮ ಎಂದೇ ಕರೆಯುತ್ತಿದ್ದರು. ಅಂಗಡಿಯ ಕಂಬಕ್ಕೆ ಒಂದು ಪಾಟಿ ತೂಗುಹಾಕಿ ಅದರ ಮೇಲೆ ಬಳಪದಿಂದ ಎರಡು ದರ ಬರೆಯುತ್ತಿದ್ದರು. ಎಡಗಡೆ ತಾವು ಕೊಳ್ಳುವ ದರ, ಬಲಗಡೆ ತಾವು ಕೊಡುವ ದರ. ಹನ್ನೊಂದೂವರೆ, ಹನ್ನೆರಡು. ಯಾರೇ ಬರಲಿ, ಯಾವತ್ತೇ ಬರಲಿ, ಆ ದರಕ್ಕೆ ಅಲ್ಲೇ ಕೊಂಡುಕೊಳ್ಳುತ್ತಿದ್ದರು, ಅಲ್ಲೇ ಕೊಡುತ್ತಿದ್ದರು.

ಒಂದು ದಿನ ಒಬ್ಬ ತೆಂಗಿನಕಾಯಿ ವ್ಯಾಪಾರಿ ಪಾಟಿ ನೋಡಿ ಹಂಗಿಸಿದ್ದನ್ನು ನಾನೇ ಕೇಳಿದ್ದೆ.

"ಎಂತ ಮಾಮ, ಅದೇ ಕಾಗದ. ನಾ ಕೊಟ್ರೆ ಹನ್ನೊಂದೂವರೆ, ನೀವು ಕೊಟ್ರೆ ಹನ್ನೆರಡು. ಕುಂತಲ್ಲೇ ಎಂಟಾಣೆ!"

"ಹೌದು. ನಿಂಗೆ ಆ ಎಂಟಾಣೆ ಬೇಕಾ? ಹಾಗಾದ್ರೆ ಷೇರು ಕಂಕುಳಲ್ಲಿ ಇಟ್ಕಂಡು ಅಘನಾಶಿನಿ ತನಕ ನಡೆ. ಯಾರಿಗೆ ಬೇಕು ಅಂತ ಮನೆಮನೆ ಕೇಳು. ನಾಕು ತಿಂಗಳಲ್ಲಿ ಒಬ್ಬ ಸಿಕ್ಕಿದ್ರೆ ಎಂಟಾಣೆ ನಿಂದು."

"ಚಪ್ಪಲಿಯೇ ಸವೆದು ಹೋಗ್ತದೆ."

"ಆ ಚಪ್ಪಲಿ ದುಡ್ಡೇ ನಾ ತಕಂಬುದು ಮಾರಾಯ."

ವ್ಯಾಪಾರಿ ನಗುತ್ತಾ ಹನ್ನೊಂದೂವರೆಗೇ ಕೊಟ್ಟು ಹೋದ. ಅವನಿಗೆ ಅವತ್ತೇ ದುಡ್ಡು ಬೇಕಿತ್ತು. ಅವತ್ತೇ ಬೇಕು ಎನ್ನುವುದಕ್ಕೆ ತೆರುವ ಬೆಲೆ ಅದು.

ಕಚೇರಿಯ ಕೆಲಸಕ್ಕೆ ಕುಮಟೆಗೆ ಹೋದಾಗಲೆಲ್ಲ ನಾನು ಆ ಅಂಗಡಿಯಲ್ಲಿ ಕೂರುತ್ತಿದ್ದೆ. ಪಾಟಿಯ ಅಂಕಿಗಳು ಆಗಾಗ ಬದಲಾಗುವುದು ನನಗೆ ಒಗಟಾಗಿತ್ತು. ಮಾಮ ಬಿಡಿಸಿ ಹೇಳಿದ್ದರು. ತಗಡಿನ ಪೆಟ್ಟಿಗೆಯಲ್ಲಿ ಷೇರು ತುಂಬಿಕೊಂಡರೆ ಎರಡೂ ದರ ಇಳಿಸಬೇಕು. ಆಗ ಮಾರುವವರು ಹಿಂಜರಿಯುತ್ತಾರೆ, ಕೊಳ್ಳುವವರು ಮುಂದೆ ಬರುತ್ತಾರೆ. ಪೆಟ್ಟಿಗೆ ಬರಿದಾದರೆ ಎರಡನ್ನೂ ಏರಿಸಬೇಕು. "ಪೆಟ್ಟಿಗೆಲಿ ಇದ್ದಷ್ಟು ದಿನ ನನ್ನ ದುಡ್ಡು ಅಲ್ಲೇ ಮಲಗಿರ್ತದೆ ತಮ್ಮಾ. ಅಷ್ಟರಲ್ಲಿ ದರ ಬಿದ್ರೆ ಬಿದ್ದದ್ದು ನನ್ನ ತಲೆ ಮೇಲೆ. ಎಂಟಾಣೆಲಿ ಒಂದು ಪಾಲು ಅದಕ್ಕೆ."

"ಇನ್ನೊಂದು ಪಾಲು?"

"ಅದು ನಿನ್ನಂಥವರಿಗೆ" ಎಂದು ನಕ್ಕರು. "ಹೆಂಚು ಸುಡೂ ಗೂಡಲ್ಲಿ ಎಂತ ಬೇಯ್ತದೆ ಅಂತ ನನಗಿಂತ ಮೊದಲು ಗೊತ್ತಿದ್ದವರಿಗೆ. ಗೊತ್ತಿದ್ದವ ಮಾರೂಕೆ ಬಂದ ಅಂದ್ರೆ ನಾ ಕೊಂಡದ್ದೇ ತಪ್ಪು. ಕೊಂಬೂಕೆ ಬಂದ ಅಂದ್ರೆ ನಾ ಕೊಟ್ಟದ್ದೇ ತಪ್ಪು. ಆದ್ರೆ ಯಾರ ಮುಖದ ಮೇಲೂ ಬರ್ದಿರೂದಿಲ್ಲ ನೋಡು."

ಮುಖದ ಮೇಲೆ ಬರೆದಿರುವುದಿಲ್ಲ ಎಂದೇ ಅವರು ಒಂದು ರೂಢಿ ಇಟ್ಟುಕೊಂಡಿದ್ದರು. ಮಾರಲು ಬಂದವರನ್ನು ಮೊದಲು ಕೂರಿಸಿ, ನೀರು ಬೆಲ್ಲ ಕೊಟ್ಟು, "ಎಂತಕ್ಕೆ ಮಾರೂದು?" ಎಂದು ಕೇಳುತ್ತಿದ್ದರು. ಮದುವೆ, ಮನೆಯ ಮಾಡಿನ ರಿಪೇರಿ, ಆಸ್ಪತ್ರೆ ಎಂದರೆ ಪಾಟಿಯ ದರಕ್ಕೆ ಎರಡು ಮಾತಿಲ್ಲದೆ ಕೊಳ್ಳುತ್ತಿದ್ದರು. ಮನೆಯ ಅಗತ್ಯಕ್ಕೆ ಮಾರುವವನಿಗೆ ಕಾರ್ಖಾನೆಯ ಗುಟ್ಟು ಗೊತ್ತಿರುವುದಿಲ್ಲ ಎಂಬುದು ಅವರ ಲೆಕ್ಕ. ಕಾರಣ ಹೇಳದವನಿಗೆ ಪಾಟಿಯ ದರ ಐದಾರು ಷೇರಿಗೆ ಮಾತ್ರ. ಆ ಸೀಮೆಯಲ್ಲಿ ಮದುವೆಯ ವಿಷಯದಲ್ಲಿ ಸುಳ್ಳು ಹೇಳುವವರು ಇರಲಿಲ್ಲ. ಹಾಗಾಗಿ ಎರಡು ದರಗಳ ನಡುವೆ ಎಂಟಾಣೆಯೇ ಸಾಕಾಗುತ್ತಿತ್ತು.

ಒಂದು ಸೋಮವಾರ ಮ್ಯಾನೇಜರರು ನನಗೆ ಆಡಳಿತ ಮಂಡಳಿಯ ಸಭೆಯ ನಡವಳಿ ಕೊಟ್ಟು ಟೈಪ್ ಮಾಡಲು ಹೇಳಿದರು. ದೊಡ್ಡ ಗೂಡಿನ ಗೋಡೆ ಬಿರುಕು ಬಿಟ್ಟಿದೆ, ಹೊಸದಾಗಿ ಕಟ್ಟಬೇಕು, ಈ ವರ್ಷ ಷೇರುದಾರರಿಗೆ ಲಾಭಾಂಶ ಇಲ್ಲ. ಮೂರು ಪ್ರತಿ ತೆಗೆದೆ. ಷೇರುದಾರರಿಗೆ ನೋಟೀಸು ಹೋಗಲು ಇನ್ನೂ ಎರಡು ವಾರವಿತ್ತು. ಮರುದಿನ ತಂದೆಯವರ ಐವತ್ತು ಷೇರು ಚೀಲಕ್ಕೆ ಹಾಕಿಕೊಂಡು ಕುಮಟೆಯ ಬಸ್ಸು ಹತ್ತಿದೆ.

ಮಾಮ ನೀರು ಬೆಲ್ಲ ಇಟ್ಟರು. "ಕಾರ್ಖಾನೆಯವನೇ ಮಾರೂಕೆ ಬಂದ್ಯಲ್ಲ. ಗೂಡಲ್ಲಿ ಎಂತಾರೂ ಆತೋ?"

"ಎಂತದೂ ಇಲ್ಲ ಮಾಮ. ತಂಗಿ ಲಗ್ನ."

"ಹೋ! ಯಾವ ಊರ ಹುಡುಗ?"

"ಭಟ್ಕಳದ ಬದಿಯವ. ಲಗ್ನಪತ್ರಿಕೆ ಅಚ್ಚಿಗೆ ಹೋಗಿದೆ."

ನನ್ನ ತಂಗಿಗೆ ಆಗ ಒಂದು ಸಂಬಂಧವೂ ಕೂಡಿ ಬಂದಿರಲಿಲ್ಲ. ಮಾಮನ ಪೆಟ್ಟಿಗೆ ಮೊದಲೇ ತುಂಬಿತ್ತು. ಬೇರೆಯವನಾಗಿದ್ದರೆ ದರ ಇಳಿಸುತ್ತಿದ್ದರು. "ಹೆಣ್ಣುಮಗಳ ಲಗ್ನದಲ್ಲಿ ನಾ ನಾಕಾಣೆ ಎಳೀಲೋ?" ಎಂದು ಐವತ್ತನ್ನೂ ಹನ್ನೊಂದೂವರೆಯಂತೆ ಕೊಂಡರು. ವರ್ಗಾವಣೆಯ ಅರ್ಜಿಗೆ ನನ್ನ ಸಹಿ ಹಾಕಿಸಿಕೊಂಡು, ಮೇಲೆ ಹುಡುಗಿಗೆ ಅಂತ ಒಂದು ಬೆಳ್ಳಿಯ ಕುಂಕುಮದ ಭರಣಿ ಬೇರೆ ಕೊಟ್ಟರು. ಬಸ್ಸಿನಲ್ಲಿ ಕೂತಾಗ ಆ ಭರಣಿಯನ್ನು ಚೀಲದ ತಳಕ್ಕೆ ತುರುಕಿದ್ದು ನಿಜ. ಹೊನ್ನಾವರದಲ್ಲಿ ಇಳಿಯುವ ಹೊತ್ತಿಗೆ ದುಡ್ಡನ್ನು ಎರಡು ಸಲ ಎಣಿಸಿದ್ದೆ. ಅದೂ ನಿಜ.

ನೋಟೀಸು ಹೋಯಿತು. ಷೇರಿನ ಬೆಲೆ ಒಂಬತ್ತರ ಆಸುಪಾಸಿಗೆ ಬಿತ್ತು.

ತಿಂಗಳ ನಂತರ ಕಚೇರಿಯವರು ನನ್ನನ್ನು ಕುಮಟೆಗೆ ಕಳಿಸಿದರು. ಅಂಗಡಿಗೆ ಹೋಗದಿದ್ದರೆ ಸಂಶಯ ಬಂದೀತೆಂದು ಹೋದೆ. ಪಾಟಿಯ ಮೇಲೆ ಎಂಟು, ಹತ್ತು ಎಂದಿತ್ತು. ಎಂಟಾಣೆ ಇದ್ದ ಕಡೆ ಎರಡು ರೂಪಾಯಿ.

"ತಂಗಿ ಲಗ್ನ ಆತೋ?" ಎಂದರು ಮಾಮ.

"ಮುಂದೆ ಹೋಯ್ತು ಮಾಮ."

"ಹಾಂ. ಮುಂದೆ ಹೋಗ್ತದೆ." ಅಷ್ಟೇ ಹೇಳಿ ತಕ್ಕಡಿ ಒರೆಸತೊಡಗಿದರು. ಆವತ್ತು ನೀರು ಬೆಲ್ಲ ಬರಲಿಲ್ಲ.

ಆಗಲೇ ಅಂಗಡಿಯ ಮೆಟ್ಟಿಲನ್ನು ಕಾಲಿನಿಂದ ತಡವುತ್ತಾ ಒಬ್ಬರು ಹತ್ತಿ ಬಂದರು. ಭಟ್ಕಳದ ಕನ್ನಡ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದ ಅಕ್ಕೋರು. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ನನ್ನ ದನಿ ಕೇಳಿದ ಮೇಲೆ ಗುರುತು ಹಿಡಿದರು.

"ನೀನೇನೋ? ಕಾಗುಣಿತ ತಪ್ಪಿಲ್ದೇ ಟೈಪ್ ಮಾಡ್ತ್ಯೋ ಇಲ್ವೋ?"

"ಮಾಡ್ತೆ ಅಕ್ಕೋರೇ."

"ನೋಡೂಕೆ ನಂಗೆ ಕಣ್ಣೇ ಇಲ್ಲ ಈಗ. ತಪ್ಪಿಸ್ಕಂಡೆ ಬಿಡು."

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಜೂನಿನಲ್ಲಿ ಶಾಲೆ ತೆರೆಯುವ ಮೊದಲು ಮಂಗಳೂರಿಗೆ ಹೋಗಿ ತೆಗೆಸಬೇಕು. ಮಕ್ಕಳ ಪಾಟಿ ಓದಲಾಗದವರನ್ನು ಕೆಲಸದಲ್ಲಿ ಎಷ್ಟು ದಿನ ಇಟ್ಟುಕೊಂಡಾರು? ಹೋಗಿಬರುವ ಖರ್ಚು, ಎರಡೂ ಕಣ್ಣಿನ ಆಸ್ಪತ್ರೆಯ ಖರ್ಚು ಸೇರಿ ಮುನ್ನೂರ ಐವತ್ತು ಬೇಕಿತ್ತು. ನಲವತ್ತು ಷೇರು ತಂದಿದ್ದರು.

"ಬೆಲೆ ಒಂಬತ್ತರ ಹತ್ರ ಇದೆ ಅಂದ್ರು. ಎಂಟೂ ಮುಕ್ಕಾಲಾದ್ರೂ ಕೊಡ್ತೀರಿ ಅಲ್ದಾ ಮಾಮ?"

"ಎಂಟು, ಅಕ್ಕೋರೇ."

"ಎಂತಕ್ಕೆ ಮಾರೂದು ಅಂತ ಕೇಳೂದಿಲ್ವಾ? ನಿಮ್ಮ ರೂಢಿ ಊರಿಗೇ ಗೊತ್ತು. ಕಣ್ಣಿನ ಆಪರೇಶನ್ನು. ಡಾಕ್ಟ್ರ ಚೀಟಿ ತಂದಿದ್ದೆ."

ಮಾಮ ಚೀಟಿಯನ್ನು ಮುಟ್ಟಲಿಲ್ಲ. "ಈಗ ಕೇಳೂದು ಬಿಟ್ಟೆ. ಕೇಳಿದ್ರೆ ಎಲ್ಲಾ ಖರೇ ಹೇಳ್ತಾರೆ ಅಂತ ಇಲ್ಲ. ನಿಮ್ಮದು ಖರೇಯೇ ಇರೂದು. ಆದ್ರೆ ಖರೇ ಯಾವ್ದು, ಲಟ್ಟು ಯಾವ್ದು ಅಂತ ನಂಗೆ ತಿಳೀದಿಲ್ಲ ಅಂತ ಆದ್ಮೇಲೆ ಎಲ್ಲರಿಗೂ ಒಂದೇ ದರ. ಪೆಟ್ಟಿಗೆಯೂ ಬಾಯಿಮಟ್ಟ ತುಂಬಿದೆ, ಗೂಡು ಎದ್ದು ನಿಲ್ಲೂ ತನಕ ಕೊಂಬವ್ರು ಯಾರೂ ಬರೂದಿಲ್ಲ."

ಮಾತಾಡುವಾಗ ಅವರು ಒಮ್ಮೆಯೂ ನನ್ನ ಕಡೆ ನೋಡಲಿಲ್ಲ.

ಬಾಯಿ ಬಿಟ್ಟು ಹೇಳಬಹುದಿತ್ತು. ನನ್ನ ಟ್ರಂಕಿನಲ್ಲಿ ಮಾಮನ ದುಡ್ಡು ಇನ್ನೂ ಹಾಗೇ ಇತ್ತು. ಮೂವತ್ತು ರೂಪಾಯಿ ತಂದುಕೊಟ್ಟಿದ್ದರೂ ಸಾಕಿತ್ತು. ನಾನು ಅಕ್ಕೋರ ಕೈ ಹಿಡಿದು, ಸಹಿ ಮಾಡುವ ಜಾಗಕ್ಕೆ ಪೆನ್ನು ತಾಗಿಸಿಕೊಟ್ಟೆ. ಮಾಡಿದ್ದು ಅಷ್ಟೇ. ಅವರು ಮುನ್ನೂರ ಇಪ್ಪತ್ತು ತೆಗೆದುಕೊಂಡು, "ಆತು, ಒಂದು ಕಣ್ಣಿಗೆ ಬೇಕಾದಷ್ಟಾತು. ಇನ್ನೊಂದು ಮುಂದಿನ ವರ್ಷ ಮಾಡಿಸಿದ್ರಾತು" ಎಂದರು. ಬಸ್ಸಿನ ತನಕ ಬಿಟ್ಟುಬಂದೆ. ದಾರಿಯುದ್ದಕ್ಕೂ ನನ್ನನ್ನು ಹರಸಿದರು.

ಆ ಮುಂದಿನ ವರ್ಷ ಬರಲೇ ಇಲ್ಲ. ಒಂದು ಕಣ್ಣು ಚೆನ್ನಾಗಿ ಬಂತು, ಕೆಲಸ ಉಳಿಯಿತು. ಇನ್ನೊಂದಕ್ಕೆ ಕೈಗೂಡುವ ಹೊತ್ತಿಗೆ ಅದು ಕೆಟ್ಟುಹೋಗಿತ್ತು. ನನ್ನ ಮದುವೆಗೆ ಬಂದಿದ್ದ ಅಕ್ಕೋರು ನನ್ನ ಹೆಂಡತಿಯನ್ನು ಬಲಬದಿಗೆ ನಿಲ್ಲಿಸಿಕೊಂಡು, "ಎಡಬದಿ ನಿಂತ್ರೆ ಕಾಣೂದಿಲ್ಲ ಮಗಾ. ಒಂದು ಕಣ್ಣಾದ್ರೂ ನಿನ್ನ ಗಂಡನ ತಪ್ಪು ಹುಡುಕೂಕೆ ಬೇಕಾದಷ್ಟಾತು" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ, ತಡೆಯಲಾರದೆ ಕುಮಟೆಗೆ ಹೋಗಿ ಮಾಮನ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಷೇರಿಗೆ ಎರಡೂವರೆಯಂತೆ ನೂರ ಇಪ್ಪತ್ತೈದು ರೂಪಾಯಿ ಮುಂದಿಟ್ಟೆ. ಅವರು ಮುದುಕರಾಗಿದ್ದರು. ದುಡ್ಡನ್ನು ಬೆರಳಿನಿಂದ ಹಿಂದಕ್ಕೆ ತಳ್ಳಿದರು.

"ನಂಗೆ ಆವತ್ತೇ ಗೊತ್ತಾತು. ಇದು ನಂದಲ್ಲ. ನಿನ್ನ ಹತ್ರ ಕಳಕಂಡದ್ದನ್ನ ಆ ಎರಡು ರೂಪಾಯಿಲಿ ವರ್ಷದೊಳಗೆ ತಕಂಡೆ."

"ಯಾರ ಹತ್ರ ಮಾಮ?"

"ಎಂತದೂ ಗೊತ್ತಿಲ್ದೇ ಮಾರೂಕೆ ಬಂದವ್ರ ಹತ್ರ. ಮತ್ತೆ ಯಾರ ಹತ್ರ? ಗೊತ್ತಿದ್ದವ್ರು ಕೊಡ್ತಾರೋ? ನಾ ಬರೀ ಪಾಟಿ ತಮ್ಮಾ. ನೀ ತಕಂಡದ್ದು ಅವ್ರದ್ದು."

ಷೇರಿನ ಬೆಲೆ ಬಿದ್ದದ್ದು ಗೂಡು ಒಡೆದದ್ದರಿಂದ. ಅದು ನನ್ನ ಮೇಲಿಲ್ಲ. ಆದರೆ ಎಂಟೂ ಮುಕ್ಕಾಲು ಎಂಟಾದದ್ದು? ಮಾಮನ ಪೆಟ್ಟಿಗೆಗೆ ಐವತ್ತು ಷೇರು ತುಂಬಿದವನೂ ನಾನೇ, ಅವರ ಪ್ರಶ್ನೆಯ ಬೆಲೆ ಕಳೆದವನೂ ನಾನೇ. ಅಂಗಡಿಯಿಂದ ಹೊರಗೆ ಬಂದಾಗ ಭಟ್ಕಳದ ಬಸ್ಸು ನಿಂತಿತ್ತು. ಹತ್ತಿದೆ. ಅಕ್ಕೋರ ಊರು ಮುಟ್ಟುವ ಮೊದಲೇ ಹೊನ್ನಾವರದಲ್ಲಿ ಇಳಿದುಬಿಟ್ಟೆ.

ಆಮೇಲೂ ಅಕ್ಕೋರು ಬಹಳ ವರ್ಷ ಬದುಕಿದ್ದರು. ಹಬ್ಬಕ್ಕೆ ನಮ್ಮ ಮನೆಗೆ ಬಂದು ಉಂಡು ಹೋಗುತ್ತಿದ್ದರು. ಮಾಮನಲ್ಲಿ ಕ್ಷಮೆ ಕೇಳಿದ್ದು ಸುಲಭವಾಗಿತ್ತು, ಅವರಿಗೆ ಗೊತ್ತಿತ್ತು. ಇವರಿಗೆ ಏನೂ ಗೊತ್ತಿರಲಿಲ್ಲ. ನಾನು ಕ್ಷಮೆ ಕೇಳದೆ ಉಳಿದದ್ದು ಇವರಲ್ಲಿ: ಭಟ್ಕಳದ ಕನ್ನಡ ಶಾಲೆಯ ಒಂದನೆಯ ಇಯತ್ತೆಯ ಅಕ್ಕೋರಲ್ಲಿ.