ಕಾಕುಗೆ ಓದಿ ಹೇಳಿದ ಬ್ಯಾಂಕಿನ ಮೆಸೇಜು

ನಮ್ಮ ಚಿಕ್ಕಪ್ಪನ ಹೆಂಡತಿ, ಮಹಾರಾಷ್ಟ್ರದ ಗಡಿಗೆ ಹತ್ತಿದ ಜುಗೂಳದ ಕಾಕು, ಎಮ್ಮೆ ಮಾರಿದ ದುಡ್ಡನ್ನು ಖಾತೆಯಲ್ಲಿಟ್ಟಿದ್ದಳು. ಒಂದು ಮಧ್ಯಾಹ್ನ ಇಂಗ್ಲಿಷ್ ಮೆಸೇಜಿನ ಸ್ಕ್ರೀನ್‌ಶಾಟ್ ಕಳಿಸಿ, ಗಾಬರಿಯಿಂದ ಫೋನ್ ಮಾಡಿದಳು. ನಾನು ಕನ್ನಡದಲ್ಲಿ ಹೇಳಿದೆ.

"‘ಪ್ರಿಯ ಗ್ರಾಹಕರೇ, ನಿಮ್ಮ ಖಾತೆ ಇವತ್ತ ಬಂದ್ ಆಗತೈತಿ. ಲಗೂನ ಈ ಮೊಬೈಲ್ ನಂಬರಿಗೆ ಫೋನ್ ಮಾಡ್ರಿ.’ ನೋಡ ಕಾಕು, ನಿನ್ನ ಹೆಸರ ಇಲ್ಲ, ಬಂದದ್ದು ಯಾವನೋ ಒಬ್ಬನ ಮೊಬೈಲಿಂದ. ಸಂತ್ಯಾಗೂ ಅವಸರ ಮಾಡಾಂವ ಕಳ್ಳನ ಇರ್ತಾನ."

ಕಾಕು ದನಿ ತಗ್ಗಿಸಿ ಹೇಳಿದಳು.

"ಇಂಗ್ಲಿಷ್ ತಿಳೀಲಿಲ್ಲೋ. ನಿನಗಿಂತ ಮೊದಲ ಅದ ನಂಬರಿಗೆ ಫೋನ್ ಮಾಡಿ ಏನ ಬರದೀರಿ ಅಂತ ಕೇಳಿದೆ. ಚಂದ ಮರಾಠಿ ಮಾತಾಡಿದ, ಸ್ವಂತ ಅಕ್ಕನ ಮಗನಂಗ ಮಾವಶಿ ಅಂದ. ಓಟಿಪಿ ಹೇಳಿಬಿಟ್ಟೆ."

"ಬ್ಯಾಂಕಿಗೆ ಓಡು, ಖಾತೆ ಬಂದ್ ಮಾಡಸು!"

"ಬಂದ್ ಆಗಬಾರದಂತನ ಹೇಳೇನಲ್ಲೋ!" ಎಂದು ಅತ್ತಳು.

ಅಷ್ಟರಲ್ಲಿ ಎಮ್ಮೆಯ ದುಡ್ಡು ಹೋಗಿಯಾಗಿತ್ತು.