ಒಂದು ಮುದ್ದೆ, ಮುನ್ನೂರ ಮೂವತ್ತು ಕ್ಯಾಲೊರಿ

ಹಾಸನದ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ನಾನು ನರ್ಸ್. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಡ್ಯೂಟಿ. ನೈಟೇ ಬೇಕೆಂದು ಕೇಳಿಕೊಂಡವಳು ನಾನೇ. ಮಗಳು ಸಂಜೆ ನಾಲ್ಕಕ್ಕೆ ಸ್ಕೂಲಿನಿಂದ ಬರುವಾಗ ಬಾಗಿಲಲ್ಲಿ ನಾನಿರಬೇಕು, ಅಷ್ಟೇ ನನ್ನ ಆಸೆ.

ಅದಕ್ಕೆ ಕಲ್ಲು ಹಾಕಲು ಹೊರಟವಳು ನಮ್ಮ ಇನ್‌ಚಾರ್ಜ್ ಸಿಸ್ಟರ್. ಸಿಬ್ಬಂದಿಯ ತಪಾಸಣೆಯಲ್ಲಿ ನನ್ನ ಮೂರು ತಿಂಗಳ ಸಕ್ಕರೆಯ ಸರಾಸರಿ 6.4 ಬಂತು. ಇನ್ನು ಕೂದಲೆಳೆಯಷ್ಟು ಏರಿದರೆ ಶುಗರ್ ಕಾಯಿಲೆ. ಆ ಕಾಗದ ಹಿಡಿದು ಆಕೆ ಮೇಟ್ರನ್ ಕೋಣೆಯಲ್ಲಿ, ಅಷ್ಟೂ ನರ್ಸ್‌ಗಳ ಮುಂದೆ ಅಂದಳು: "ತನ್ನ ಬಾಯನ್ನೇ ಕಾಯೋಕಾಗ್ದೋಳು ಪೇಷಂಟ್ ಏನು ಕಾಯ್ತಾಳೆ ಮೇಡಂ? ಡೇಗೆ ಹಾಕಿ." ಸಕ್ಕರೆ ಇಳಿಸಲು ಮೇಟ್ರನ್ ಮೂರು ತಿಂಗಳ ಗಡುವು ಕೊಟ್ಟರು. ಮೈ ಉರಿದುಹೋಯಿತು. ಆಕೆಯ ಮೂತಿಗೆ ರಿಪೋರ್ಟ್ ಹಿಡಿಯದೆ ಬಿಡುವುದಿಲ್ಲ ಎಂದುಕೊಂಡೆ.

ನಮ್ಮ ಡಯಟಿಷಿಯನ್ ಚಿಕ್ಕ ಹುಡುಗಿ. ನನ್ನ ಊಟದ ಪಟ್ಟಿ ಕೇಳಿ ತಲೆ ಮೇಲೆ ಕೈ ಹೊತ್ತಳು. ಸಂಜೆ ಮನೆಯ ಊಟ, ರಾತ್ರಿ ಒಂದಕ್ಕೆ ಕ್ಯಾಂಟೀನಿನ ಚಿತ್ರಾನ್ನ, ನಾಲ್ಕಕ್ಕೆ ಟೀ ಬಿಸ್ಕತ್ತು, ಬೆಳಿಗ್ಗೆ ದೋಸೆ, ಮಧ್ಯಾಹ್ನ ಎಬ್ಬಿಸಿ ಬಡಿಸಿದರೆ ಮತ್ತೊಂದು ಊಟ.

"ಅಕ್ಕಾ, ನೀವು ಹಗಲಿನವರ ಊಟಾನೂ ಮಾಡ್ತಿದ್ದೀರಿ, ರಾತ್ರಿಯವರದ್ದೂ ಮಾಡ್ತಿದ್ದೀರಿ. ನಿಮಗೆ ಬೆಳಗಾಗೋದು ಮಧ್ಯಾಹ್ನ ಮೂರು ಗಂಟೆಗೆ. ಅಲ್ಲಿಂದ ಲೆಕ್ಕ ಹಾಕಿ," ಎಂದು ಹೊಸ ಚಾರ್ಟ್ ಬರೆದಳು.

ಮೂರಕ್ಕೆ ಎದ್ದು ದೊಡ್ಡ ಊಟ: ಒಂದು ಮುದ್ದೆ, ಅಂದರೆ ನೂರು ಗ್ರಾಂ ಹಿಟ್ಟು, 330 ಕ್ಯಾಲೊರಿ, ಸೊಪ್ಪಿನ ಸಾರು 150, ಪಲ್ಯ 70, ಒಟ್ಟು 550. ಏಳಕ್ಕೆ ಎರಡು ಚಪಾತಿ, ಮೊಟ್ಟೆ, ಪಲ್ಯ, ಮಜ್ಜಿಗೆ, 400. ಹನ್ನೆರಡೂವರೆಗೆ ಹೆಸರುಕಾಳಿನ ಉಸಲಿ, 200. ನಾಲ್ಕಕ್ಕೆ ಸಕ್ಕರೆಯಿಲ್ಲದ ಟೀ, ಒಂದು ಹಿಡಿ ಹುರಿಗಡಲೆ, 150. ಡ್ಯೂಟಿ ಮುಗಿಸಿ ಮಲಗುವ ಮೊದಲು ಎರಡು ಇಡ್ಲಿ, ಸಾಂಬಾರ್, 200. ದಿನಕ್ಕೆ 1500. ಚಾರ್ಟಿನ ನೆತ್ತಿಯ ಮೇಲೆ ಕೆಂಪು ಪೆನ್ನಿನಲ್ಲಿ ಇನ್‌ಚಾರ್ಜ್ ಹೇಳಿದ ಮಾತನ್ನು ಅಕ್ಷರ ಬಿಡದೆ ಬರೆದುಕೊಂಡೆ. ಬಿಸ್ಕತ್ತಿಗೆ ಕೈ ಹೋದಾಗಲೆಲ್ಲ ಅದನ್ನು ಓದುತ್ತಿದ್ದೆ.

ತಿಂಗಳಾಯಿತು. ತೂಕ ಒಂದು ಕೇಜಿಯೂ ಇಳಿಯಲಿಲ್ಲ. ಅಳುವಂತಾಗಿ ಡಯಟಿಷಿಯನ್ ಹತ್ತಿರ ಹೋದೆ. "ಅಕ್ಕಾ, ನಾಳೆ ಆ ಮುದ್ದೇನ ತೂಗಿ," ಎಂದಳು.

ನಮ್ಮ ಮನೆಯಲ್ಲಿ ಮುದ್ದೆ ತಿರುವುವುದು ಅತ್ತೆ, ಅರಕಲಗೂಡಿನವರು. ನೂರು ಗ್ರಾಂ ಹಿಟ್ಟಿನ ಮುದ್ದೆ ಬೆಂದು ಮುನ್ನೂರು ಗ್ರಾಂ ತೂಗಬೇಕು. ನನ್ನ ತಟ್ಟೆಯದ್ದು ಆರುನೂರು ತೂಗಿತು!

"ಅತ್ತೆ, ಇದೇನಿದು?"

"ಒಂದೇ ಮುದ್ದೆ ಕಣವ್ವ ಇಕ್ಕಿದ್ದು. ನೀನು ಯೋಳ್ದಂಗೆ ಕಟ್ಟುದ್ರೆ ಅದು ಮುದ್ದೆ ಆಯ್ತದಾ? ಗೋಲಿ ಆಯ್ತದೆ."

ನಾನೂ ಒಂದೇ ಎಂದು ಎಣಿಸಿದ್ದೆ, ಅವರೂ ಒಂದೇ ಎಂದು ಬಡಿಸಿದ್ದರು. ದಿನವೂ 330 ಹೆಚ್ಚಿಗೆ ಹೊಟ್ಟೆ ಸೇರುತ್ತಿತ್ತು. ಅವತ್ತಿನಿಂದ ಹಿಟ್ಟನ್ನು ತೂಗಿ ಕೊಟ್ಟೆ. ಅತ್ತೆ ಒಂದು ವಾರ ಮುಖ ಊದಿಸಿಕೊಂಡಿದ್ದರು.

ಗಡುವಿನ ದಿನ ಸಕ್ಕರೆ 5.9. ಮೇಟ್ರನ್ ಎದುರೇ ಕಾಗದವನ್ನು ಇನ್‌ಚಾರ್ಜ್ ಮೇಜಿನ ಮೇಲೆ ಇಟ್ಟೆ. ನೈಟ್ ನನಗೇ ಉಳಿಯಿತು. ಅಷ್ಟಕ್ಕೆ ನನ್ನ ಹೊಟ್ಟೆ ತಣ್ಣಗಾಗಲಿಲ್ಲ.

ಮಾರನೆಯ ವಾರ ಆಕೆಯೇ ಬಂದಳು. ಆಕೆಗೂ ತಿಂಗಳಲ್ಲಿ ಹದಿನೈದು ನೈಟ್, ಸಕ್ಕರೆ 7.8. ಆ ಚಿಕ್ಕ ಹುಡುಗಿಯ ಮುಂದೆ ಹೋಗಿ ಕೂರಲು ಬಿಗುಮಾನ. "ನಿನ್ನ ಚಾರ್ಟ್ ಒಂದು ಕಾಪಿ ಕೊಡ್ತೀಯಾ?" ಎಂದಳು. ಕೊಟ್ಟೆ. ನನ್ನ ಕೈಯಾರೆ ಬರೆದು ಕೊಟ್ಟೆ. "ಒಂದು ಮುದ್ದೆ, 330" ಎಂದು ಬರೆದೆ; ನೂರು ಗ್ರಾಂ ಹಿಟ್ಟು ಎಂಬುದನ್ನು ಬರೆಯಲಿಲ್ಲ. ಆಕೆಯ ಮನೆ ಹೊಳೆನರಸೀಪುರ. ಅಲ್ಲಿಯ ಮುದ್ದೆಯ ಗಾತ್ರ ನಾನು ಉಂಡು ಬಲ್ಲೆ.

ತಿಂಗಳ ಮೇಲೆ ಅದೇ ಮೇಟ್ರನ್ ಕೋಣೆಯಲ್ಲಿ, ನಮ್ಮೆಲ್ಲರ ಎದುರು ಆಕೆ ಗೊಣಗಿದಳು: "ಇವಳ ಚಾರ್ಟ್‌ನಿಂದ ಏನೂ ಆಗ್ಲಿಲ್ಲ ಮೇಡಂ. ಬೆಳಗಿನ ಶುಗರ್ ಇಳೀತಾನೇ ಇಲ್ಲ."

ಜೇಬಿನಲ್ಲಿದ್ದ ನನ್ನ ಹಳೆಯ ಚಾರ್ಟ್ ಬಿಡಿಸಿ ಕೆಂಪು ಸಾಲನ್ನು ಗಟ್ಟಿಯಾಗಿ ಓದಿದೆ: "ತನ್ನ ಬಾಯನ್ನೇ ಕಾಯೋಕಾಗ್ದೋಳು ಪೇಷಂಟ್ ಏನು ಕಾಯ್ತಾಳೆ ಮೇಡಂ?" ಆಕೆಯ ಕಣ್ಣು ತುಂಬಿತು. ಸುಳ್ಳೇಕೆ ಹೇಳಲಿ, ಖುಷಿಯಾಯಿತು.

ಆಕೆ ತಲೆ ತಗ್ಗಿಸಿ, "ಚಾರ್ಟ್ ಬಿಟ್ಟು ಏನೂ ತಿಂದಿಲ್ಲ ಕಣೆ. ಒಂದೇ ಮುದ್ದೆ, ಮಕ್ಕಳಾಣೆ," ಎಂದಳು.

"ಮುದ್ದೆ ತೂಗಿ ಸಿಸ್ಟರ್," ಎಂದಷ್ಟೇ ಹೇಳಿ ಹೊರಬಂದೆ. ಆಕೆ ನಿಜವನ್ನೇ ಹೇಳುತ್ತಿದ್ದಳು. ಬಾಯಿ ಕಾದಿದ್ದಳು. ಪೇಷಂಟ್ ಒಬ್ಬಳನ್ನು ತಿಂಗಳಿಡೀ ಕಾಯದೆ ಬಿಟ್ಟವಳು ನಾನು.